ಮೂರು ಕೊಟೇಶನ್, ಮೂರು ಮೊತ್ತ: ಹಳೆ ಮನೆಯ ವೈರಿಂಗ್‌ಗೆ ಎಲೆಕ್ಟ್ರಿಷಿಯನ್ ಆರಿಸುವ ಲೆಕ್ಕ

ಫ್ಯಾನ್ ಬದಲಿಸಲು, ಸುಟ್ಟ ಸ್ವಿಚ್ ತೆಗೆಯಲು ಮೂರು ಜನರನ್ನು ಕರೆಸಿ ದರ ಕೇಳಬೇಕಾಗಿಲ್ಲ. ಬೀದಿಯಲ್ಲಿ ಹೆಸರಿರುವ ಒಬ್ಬರನ್ನು ಕರೆದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಈ ಬರಹ ಅದಕ್ಕಿಂತ ದೊಡ್ಡ ಕೆಲಸದ್ದು: ಇಪ್ಪತ್ತೈದು, ಮೂವತ್ತು ವರ್ಷದ ಮನೆಗೆ ಪೂರ್ತಿ ಹೊಸ ವೈರಿಂಗ್. ಇಲ್ಲಿ ಒಬ್ಬರು 62 ಸಾವಿರ ಅನ್ನುತ್ತಾರೆ, ಇನ್ನೊಬ್ಬರು 20 ಸಾವಿರ ಅನ್ನುತ್ತಾರೆ, ಮತ್ತೊಬ್ಬರು ಲಕ್ಷ ದಾಟಿಸುತ್ತಾರೆ. ಮೂವರೂ ಸುಳ್ಳು ಹೇಳುತ್ತಿರಬೇಕಾಗಿಲ್ಲ. ಮೂವರು ಮೂರು ಬೇರೆ ಕೆಲಸಗಳಿಗೆ ಬೆಲೆ ಹೇಳುತ್ತಿರುತ್ತಾರೆ, ಅಷ್ಟೆ. ಹಾಗಾಗಿ ಹೋಲಿಕೆ ಶುರುವಾಗಬೇಕಾದದ್ದು ಅವರ ಚೀಟಿಯಿಂದಲ್ಲ, ನಿಮ್ಮ ಪಟ್ಟಿಯಿಂದ.

ಮೊದಲು ನಿಮ್ಮ ಪಟ್ಟಿ

ಉದಾಹರಣೆಗೆ ಒಂದು ಮನೆ ಹಿಡಿಯೋಣ. ಮೈಸೂರಿನ ಕಡೆಯ ಹಳೆಯ ಬಡಾವಣೆಗಳಲ್ಲಿ ಇಂಥವು ಬೇಕಾದಷ್ಟಿವೆ: ನೆಲಮಹಡಿ, ಎರಡು ಮಲಗುವ ಕೋಣೆ, ಸಿಂಗಲ್ ಫೇಸ್ ಮೀಟರ್, ಪಿಂಗಾಣಿ ಫ್ಯೂಸು, ಗೋಡೆಯೊಳಗೆ ಮುಕ್ಕಾಲು ಇಂಚಿನ ಪೈಪು, ಲೈಟಿನ ಬೋರ್ಡುಗಳಿಗೆ ಅರ್ಥ್ ತಂತಿಯೇ ಇಲ್ಲ. ಕಟ್ಟಿದಾಗ ಮನೆಯಲ್ಲಿದ್ದದ್ದು ಒಂದು ಫ್ರಿಜ್ಜು, ಒಂದು ಮಿಕ್ಸಿ. ಈಗ ಎರಡು ಗೀಸರ್, ವಾಷಿಂಗ್ ಮಷೀನು, ಓವನ್ನು, ಮಗನ ಕೋಣೆಗೊಂದು ಏಸಿ.

ಒಂದು ಹಾಳೆ ಹಿಡಿದು ಕೋಣೆಯಿಂದ ಕೋಣೆಗೆ ನಡೆದು ಪಾಯಿಂಟ್ ಎಣಿಸಿ. ಈ ಮನೆಯಲ್ಲಿ ಲೈಟು 18, ಫ್ಯಾನು 5, ಮೊಬೈಲು, ಟೀವಿಗೆ ಬಳಸುವ 6 ಆಂಪಿಯರ್ ಪ್ಲಗ್ 12. ಒಟ್ಟು 35 ಸಣ್ಣ ಪಾಯಿಂಟ್. ಫ್ರಿಜ್ಜು, ವಾಷಿಂಗ್ ಮಷೀನು, ಓವನ್ನು, ಇಸ್ತ್ರಿ, ನೀರಿನ ಮೋಟಾರಿಗೆ 16 ಆಂಪಿಯರ್ ಪಾಯಿಂಟ್ 5. ಗೀಸರ್ 2, ಏಸಿ 1. ಅಲ್ಲಿಗೆ 8 ಪವರ್ ಪಾಯಿಂಟ್. ಇದರ ಜತೆಗೆ ಹೊಸ ಡಿಬಿ, ಅಂದರೆ ಕರೆಂಟು ಮಿತಿ ಮೀರಿದಾಗ ತಾನೇ ಬೀಳುವ ಎಂಸಿಬಿ ಸ್ವಿಚ್ಚುಗಳ ಪೆಟ್ಟಿಗೆ. ಕರೆಂಟು ಸೋರಿದಾಗ ಲೈನು ಕಡಿಯುವ ಒಂದು ಆರ್‌ಸಿಸಿಬಿ, ಹೊಸ ಅರ್ಥಿಂಗ್ ಗುಂಡಿ, ಮೀಟರಿನಿಂದ ಡಿಬಿವರೆಗಿನ ಮೇನ್ ತಂತಿ.

ಪ್ರತಿ ಯಂತ್ರದ ಹಿಂದಿನ ಚೀಟಿಯಲ್ಲಿ ವ್ಯಾಟ್ ಎಷ್ಟಿದೆ ಎಂದೂ ಬರೆದುಕೊಳ್ಳಿ. ವ್ಯಾಟನ್ನು 230ರಿಂದ ಭಾಗಿಸಿದರೆ ಸುಮಾರು ಆಂಪಿಯರ್ ಸಿಗುತ್ತದೆ. 2 ಕಿಲೋವ್ಯಾಟಿನ ಗೀಸರು ಸುಮಾರು 9 ಆಂಪಿಯರ್ ಎಳೆಯುತ್ತದೆ, 3 ಕಿಲೋವ್ಯಾಟಿನದು 13. ವಿದ್ಯುತ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಎಂದೂ ನೋಡಿ. ಎರಡು ಗೀಸರು, ಏಸಿ ಸೇರಿದಾಗ ಆ ಅಂಕಿ ಸಾಲದೆ ಹೋಗಬಹುದು, ಆಗ ಲೋಡ್ ಹೆಚ್ಚಿಸಲು ಅರ್ಜಿ ಹಾಕಬೇಕಾಗುತ್ತದೆ. ಆ ಮಾತು ಮುಂದೆ ಯಾರನ್ನು ಆರಿಸುತ್ತೀರಿ ಎಂಬುದನ್ನೇ ಬದಲಿಸಬಹುದು.

ಈ ಪಟ್ಟಿಯ ಒಂದೇ ಪ್ರತಿಯನ್ನು ಮೂವರಿಗೂ ಕೊಡಿ. ಫೋನಿನಲ್ಲೇ ಹೇಳಿದ ದರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಮನೆಗೆ ಬಂದವರು ಕನಿಷ್ಠ ಎರಡು ಬೋರ್ಡು ಬಿಚ್ಚಿ ನೋಡಬೇಕು, ಹಳೆ ತಂತಿಯನ್ನು ಪೈಪಿನೊಳಗೆ ಎಳೆದು ಅದು ಸರಿಯುತ್ತದೋ ಇಲ್ಲವೋ ಪರೀಕ್ಷಿಸಬೇಕು. ಸರಿಯದಿದ್ದರೆ ಪೈಪು ಒಳಗೆ ಒಡೆದಿದೆ ಇಲ್ಲವೇ ಸಿಮೆಂಟು ಇಳಿದು ಮುಚ್ಚಿಕೊಂಡಿದೆ ಎಂದರ್ಥ. ಅಲ್ಲಿ ಗೋಡೆ ಕಟಿಂಗ್ ಮಾಡಲೇಬೇಕು. ಬೋರ್ಡು ಮುಟ್ಟದೆ ಹಜಾರದಲ್ಲಿ ನಿಂತು ಮೊತ್ತ ಹೇಳುವವರು ಈ ಕಟಿಂಗನ್ನು ಆಮೇಲೆ ‘ಎಕ್ಸ್‌ಟ್ರಾ’ ಎಂದು ಸೇರಿಸುತ್ತಾರೆ.

ಲೈಸೆನ್ಸ್, ಪರ್ಮಿಟ್, ಐಟಿಐ: ಮೂರೂ ಒಂದಲ್ಲ

ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳ ಪ್ರಕಾರ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ ಬದಲಿಸುವಂಥ ಸಣ್ಣ ಕೆಲಸ ಬಿಟ್ಟು ಉಳಿದ ವೈರಿಂಗನ್ನು ಸರ್ಕಾರದ ಲೈಸೆನ್ಸ್ ಇರುವ ಗುತ್ತಿಗೆದಾರರೇ ಮಾಡಬೇಕು. ಮೇಲ್ವಿಚಾರಣೆ ನೋಡುವವರ ಬಳಿ ಅರ್ಹತಾ ಪತ್ರ, ಕೈಯಾರೆ ಮಾಡುವವರ ಬಳಿ ಪರ್ಮಿಟ್ ಇರಬೇಕು. ಕರ್ನಾಟಕದಲ್ಲಿ ಇವುಗಳನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾಲಯವೇ ಹೊರತು ಬೆಸ್ಕಾಂ, ಚೆಸ್ಕಾಂ ಅಲ್ಲ.

ಬೀದಿಯಲ್ಲಿ ಕಾಣುವ ವಾಸ್ತವ ಬೇರೆ. ಕೈ ಚೆನ್ನಾಗಿರುವ ಎಷ್ಟೋ ಜನರ ಬಳಿ ವೈರ್‌ಮನ್ ಪರ್ಮಿಟ್ ಮಾತ್ರ ಇರುತ್ತದೆ, ಇನ್ನೆಷ್ಟೋ ಜನರ ಬಳಿ ಐಟಿಐ ಸರ್ಟಿಫಿಕೇಟ್ ಬಿಟ್ಟರೆ ಏನೂ ಇರುವುದಿಲ್ಲ. ಐಟಿಐ ಓದಿನ ದಾಖಲೆ, ಕೆಲಸ ಮಾಡಲು ಕೊಟ್ಟ ಅನುಮತಿಯಲ್ಲ. ನಿಮಗೆ ಇದರ ಬಿಸಿ ತಟ್ಟುವುದು ಲೋಡ್ ಹೆಚ್ಚಿಸಲು ಅರ್ಜಿ ಹಾಕಿದಾಗ. ಆಗ ಕೇಳುವ ಕಂಪ್ಲೀಷನ್ ರಿಪೋರ್ಟಿಗೆ ಲೈಸೆನ್ಸ್ ಇರುವ ಗುತ್ತಿಗೆದಾರರ ಸಹಿ, ಮೊಹರು ಬೇಕು. ಕೆಲಸ ಮಾಡಿದವರೊಬ್ಬರು, ದುಡ್ಡು ತೆಗೆದುಕೊಂಡು ಸಹಿ ಹಾಕಿದವರು ಇನ್ನೊಬ್ಬರು ಎಂಬ ಏರ್ಪಾಡು ಊರೂರಲ್ಲೂ ಇದೆ. ಅಂಥ ರಿಪೋರ್ಟು ಕಾಗದಕ್ಕಷ್ಟೇ ಸರಿ, ನಿಮ್ಮ ಗೋಡೆಯೊಳಗೆ ಏನಿದೆ ಎಂಬುದು ಸಹಿ ಹಾಕಿದವರಿಗೆ ಗೊತ್ತಿರುವುದಿಲ್ಲ.

ಹಾಗಾಗಿ ಕೇಳುವಾಗ ‘ಲೈಸೆನ್ಸ್ ಇದೆಯಾ?’ ಎಂದು ಕೇಳಿ ಸುಮ್ಮನಾಗಬೇಡಿ. ‘ಲೈಸೆನ್ಸ್ ಯಾರ ಹೆಸರಲ್ಲಿದೆ, ಯಾವ ದಿನಾಂಕದವರೆಗೆ ಇದೆ, ನಮ್ಮನೆಯಲ್ಲಿ ದಿನಾ ಬಂದು ಕೆಲಸ ಮಾಡೋರು ಯಾರು, ಅವರ ಪರ್ಮಿಟ್ ತೋರಿಸ್ತೀರಾ?’ ಎಂದು ಕೇಳಿ. ಅವಧಿ ಮುಗಿದ ಲೈಸೆನ್ಸನ್ನು ಲ್ಯಾಮಿನೇಷನ್ ಮಾಡಿಸಿ ವರ್ಷಗಟ್ಟಲೆ ತೋರಿಸಿಕೊಂಡು ಬರುವುದುಂಟು. ದಿನಾಂಕ ನೋಡದೆ ಬಿಡಬೇಡಿ, ಫೋಟೋ ತೆಗೆದುಕೊಳ್ಳಿ.

ಕೆಲಸ ಬಲ್ಲವರನ್ನು ಗುರುತಿಸುವ ಎರಡು ಪ್ರಶ್ನೆ

ಪ್ರಶ್ನೆಗಳ ಉದ್ದ ಪಟ್ಟಿ ಬೇಡ. ಎರಡು ಸಾಕು, ಉತ್ತರವನ್ನು ಮಾತ್ರ ಸರಿಯಾಗಿ ಕೇಳಿಸಿಕೊಳ್ಳಿ.

ಮೊದಲನೆಯದು: ‘ಆರ್‌ಸಿಸಿಬಿ ಹಾಕಿದ ಮೇಲೆ ಪದೇ ಪದೇ ಟ್ರಿಪ್ ಆದರೆ ಏನು ಮಾಡ್ತೀರಿ?’

ಆರ್‌ಸಿಸಿಬಿ ಮಾಡುವ ಕೆಲಸ ಸರಳ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸು ಬರುತ್ತಿದೆಯೇ ಎಂದು ಅಳೆಯುತ್ತಲೇ ಇರುತ್ತದೆ. ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ ಲೈನು ಕಡಿಯುತ್ತದೆ. ಮನುಷ್ಯನ ಮೈಮೂಲಕ ಕರೆಂಟು ನೆಲಕ್ಕಿಳಿದಾಗ ಉಳಿಸುವುದು ಇದೇ, ಎಂಸಿಬಿ ಅಲ್ಲ. ಎಂಸಿಬಿ ಇಲ್ಲಿ ಯಾಕೆ ಸಾಲದು ಎಂಬುದಕ್ಕೆ ಒಂದು ಲೆಕ್ಕ ಸಾಕು. ಅರ್ಥಿಂಗ್ 5 ಓಮ್ ಇದ್ದರೆ, ಗೀಸರಿನ ಮೈಗೆ ಫೇಸ್ ತಾಗಿದಾಗ ಹರಿಯುವುದು ಹೆಚ್ಚೆಂದರೆ 230ನ್ನು 5ರಿಂದ ಭಾಗಿಸಿದಷ್ಟು, ಅಂದರೆ 46 ಆಂಪಿಯರ್. 16 ಆಂಪಿಯರಿನ ‘ಸಿ’ ಮಾದರಿಯ ಎಂಸಿಬಿ ತಟ್ಟನೆ ಬೀಳಲು ಅದರ ಐದರಿಂದ ಹತ್ತು ಪಟ್ಟು, ಅಂದರೆ 80ರಿಂದ 160 ಆಂಪಿಯರ್ ಬೇಕು. ಅದು ಬಿಸಿಯಾಗಿ ನಿಧಾನಕ್ಕೆ ಬೀಳುವವರೆಗೆ ಗೀಸರಿನ ಮೈಯಲ್ಲಿ ಕರೆಂಟು ಇದ್ದೇ ಇರುತ್ತದೆ.

ಹಳೆ ಮನೆಗೆ ಆರ್‌ಸಿಸಿಬಿ ಹಾಕಿದೊಡನೆ ಟ್ರಿಪ್ ಆಗುವುದು ಮಾಮೂಲಿ. ಎಲ್ಲೋ ನ್ಯೂಟ್ರಲ್ ತಂತಿ ಅರ್ಥ್‌ಗೆ ತಾಗಿರುತ್ತದೆ, ಇಲ್ಲವೇ ಆರ್‌ಸಿಸಿಬಿ ಹೊರಗಿನ ಒಂದು ಲೈನಿನ ನ್ಯೂಟ್ರಲನ್ನು ಒಳಗಿನ ಲೈನಿಗೆ ಸೇರಿಸಿರುತ್ತಾರೆ, ಇಲ್ಲವೇ ಗೀಸರಿನ ಎಲಿಮೆಂಟಿನಲ್ಲಿ ತೇವ ಸೇರಿ ಸೋರುತ್ತಿರುತ್ತದೆ. ಕೆಲಸ ಬಲ್ಲವರ ಉತ್ತರ ಹೀಗಿರುತ್ತದೆ: ‘ಎಲ್ಲ ಎಂಸಿಬಿ ಆಫ್ ಮಾಡಿ ಒಂದೊಂದೇ ಹಾಕ್ತೀವಿ. ಯಾವ ಸರ್ಕ್ಯೂಟ್‌ನಲ್ಲಿ ಬೀಳುತ್ತೋ ಅದರ ನ್ಯೂಟ್ರಲ್ ಬಿಚ್ಚಿ, ಇನ್ಸುಲೇಷನ್ ಅಳೆಯೋ ಮೆಗ್ಗರ್ ಹಾಕ್ತೀವಿ. ಯಂತ್ರದ್ದೋ ತಂತಿಯದ್ದೋ ಅಂತ ಬೇರೆ ಮಾಡ್ತೀವಿ.’ ‘ಅದು ಸುಮ್ನೆ ತಲೆನೋವು ಸಾರ್, ತೆಗೆದು ಐಸೊಲೇಟರ್ ಹಾಕ್ಬಿಡೋಣ’ ಎಂದರೆ ಅಲ್ಲಿಗೆ ನಿಮಗೆ ಉತ್ತರ ಸಿಕ್ಕಿತು. ಐಸೊಲೇಟರ್ ಬರೀ ಸ್ವಿಚ್ಚು. ನೋಡಲು ಆರ್‌ಸಿಸಿಬಿಯ ಅಣ್ಣತಮ್ಮನಂತಿದ್ದರೂ ಅದಕ್ಕೆ ಏನನ್ನೂ ಅಳೆಯಲು ಬರುವುದಿಲ್ಲ. ‘ಟೆಸ್ಟ್’ ಎಂಬ ಗುಂಡಿ ಇರುವುದು ಆರ್‌ಸಿಸಿಬಿಗೆ, ಐಸೊಲೇಟರಿಗೆ ಇರುವುದಿಲ್ಲ.

ಎರಡನೆಯ ಪ್ರಶ್ನೆ: ‘ಗೀಸರ್ ಲೈನಿಗೆ ಯಾವ ತಂತಿ, ಯಾವ ಎಂಸಿಬಿ, ಯಾಕೆ?’ 

ಎಂಸಿಬಿ ಕಾಯುವುದು ಗೀಸರನ್ನಲ್ಲ, ಗೋಡೆಯೊಳಗಿನ ತಂತಿಯನ್ನು. 2.5 ಚದರ ಮಿ.ಮೀ. ತಾಮ್ರದ ತಂತಿ ಪೈಪಿನೊಳಗೆ ಹೋದಾಗ ಅದಕ್ಕೆ 16 ಆಂಪಿಯರ್ ಎಂಸಿಬಿ ಸರಿ. ಲೈಟಿನ 1.5 ತಂತಿಗೆ 10. ‘ಟ್ರಿಪ್ ಆಗದೇ ಇರಲಿ ಅಂತ 32 ಹಾಕ್ತೀವಿ’ ಎಂದರೆ ತಂತಿ ಸುಟ್ಟರೂ ಎಂಸಿಬಿ ಸುಮ್ಮನಿರುತ್ತದೆ ಎಂದರ್ಥ. ನಮ್ಮ ಪಟ್ಟಿಯಲ್ಲಿ ಗೀಸರು, ಏಸಿಗೆ 4 ಚದರ ಮಿ.ಮೀ. ಹಿಡಿದಿದ್ದೇವೆ. 2 ಕಿಲೋವ್ಯಾಟಿಗೆ 2.5 ಸಾಕು ಎಂದು ಯಾರಾದರೂ ಲೆಕ್ಕ ತೋರಿಸಿ ವಾದಿಸಿದರೆ ಅವರು ತಪ್ಪಲ್ಲ. ಲೆಕ್ಕ ತೋರಿಸಿದರಲ್ಲ, ಅದು ಒಳ್ಳೆಯ ಲಕ್ಷಣವೇ.

ಮೂರು ಚೀಟಿಗಳನ್ನು ಒಂದೇ ತಕ್ಕಡಿಗೆ ಹಾಕುವುದು

ಮೊದಲ ಕೊಟೇಶನ್ ಒಂದೇ ಸಾಲಿನದು: ‘ಮನೆ ಪೂರ್ತಿ ವೈರಿಂಗ್, ಮೆಟೀರಿಯಲ್ ಸಮೇತ, 62,000.’ ಎರಡನೆಯದು ಲೇಬರ್ ಮಾತ್ರ: ಸಣ್ಣ ಪಾಯಿಂಟಿಗೆ 350, ಪವರ್ ಪಾಯಿಂಟಿಗೆ 600, ಡಿಬಿ ಕೂರಿಸಲು 2,500, ಗೋಡೆ ಕಟಿಂಗ್ ಅಡಿಗೆ 40, ಸಾಮಾನು ಮನೆಯವರದ್ದು. ಮೂರನೆಯದು ಲೈಸೆನ್ಸ್ ಇರುವ ಗುತ್ತಿಗೆದಾರರದ್ದು: ಐಟಂವಾರು ಬರೆದು 1,04,000, ಅದರ ಮೇಲೆ ಶೇ 18 ಜಿಎಸ್‌ಟಿ. ಅದರಲ್ಲಿ 120 ಅಡಿವರೆಗೆ ಕಟಿಂಗ್, ಅದನ್ನು ಮುಚ್ಚುವ ಗಾರೆ ಕೆಲಸ, ಅರ್ಥಿಂಗ್ ಗುಂಡಿ, ಟೆಸ್ಟ್ ರಿಪೋರ್ಟ್ ಎಲ್ಲ ಸೇರಿದೆ. ಈ ದರಗಳನ್ನು ಲೆಕ್ಕ ತೋರಿಸಲು ಹಿಡಿದದ್ದು. ತಾಮ್ರದ ಬೆಲೆ ಏರಿದಾಗ ತಂತಿಯದ್ದೂ ಏರುತ್ತದೆ, ಊರಿಂದ ಊರಿಗೆ ಕೂಲಿ ಬೇರೆ. ನಿಮ್ಮೂರಿನ ಅಂಗಡಿಯ ದರ ಕೇಳಿ ಅಂಕಿಗಳನ್ನು ಬದಲಿಸಿಕೊಳ್ಳಿ, ಕೂಡಿ ಕಳೆಯುವ ಕ್ರಮ ಅದೇ.

ಮೊದಲು ಸಾಮಾನಿನ ಲೆಕ್ಕ. ತಂತಿಯ ಸುರುಳಿ ಸಾಮಾನ್ಯವಾಗಿ 90 ಮೀಟರಿನದು. 35 ಸಣ್ಣ ಪಾಯಿಂಟಿಗೆ ಎಲ್ಲ ಎಳೆಗಳೂ ಸೇರಿ ಸರಾಸರಿ 18 ಮೀಟರ್ ಹಿಡಿದರೆ 630 ಮೀಟರ್, ಅಂದರೆ 7 ಸುರುಳಿ. ಡಿಬಿಯಿಂದ ಬೋರ್ಡುಗಳಿಗೆ ಹೋಗುವುದಕ್ಕೆ ಇನ್ನೊಂದು. 1.5ರ 8 ಸುರುಳಿ ಆಯಿತು. ಐದು ಪವರ್ ಪಾಯಿಂಟು ಸರಾಸರಿ 14 ಮೀಟರ್ ದೂರ, ಫೇಸ್, ನ್ಯೂಟ್ರಲ್, ಅರ್ಥ್ ಮೂರೆಳೆ: 210 ಮೀಟರ್. 2.5ರ 3 ಸುರುಳಿ. ಎರಡು ಗೀಸರು, ಒಂದು ಏಸಿ ತಲಾ 12 ಮೀಟರ್, ಮೂರೆಳೆ: 108 ಮೀಟರ್. 4ರ 2 ಸುರುಳಿ.

ಈ ಕೊನೆಯ ಅಂಕಿ ಗಮನಿಸಿ. ಯಾರಾದರೂ ಕೊಟೇಶನ್‌ನಲ್ಲಿ 4ರ ಒಂದೇ ಸುರುಳಿ ಬರೆದಿದ್ದರೆ 90 ಮೀಟರಿನಲ್ಲಿ ಫೇಸು, ನ್ಯೂಟ್ರಲ್ ಮಾತ್ರ ಮುಗಿಯುತ್ತವೆ. ಹಾಗಾದರೆ ಅರ್ಥ್ ಎಳೆ ತೆಳ್ಳಗಿನದು, ಅಥವಾ ಅದು ಇಲ್ಲವೇ ಇಲ್ಲ. ಬೇಡ ಎಂದು ಹೇಳದೆಯೇ ಬಿಟ್ಟುಬಿಡುವುದು ಯಾವಾಗಲೂ ಅರ್ಥ್ ತಂತಿಯನ್ನೇ, ಯಾಕೆಂದರೆ ಅದಿಲ್ಲದೆಯೂ ಲೈಟು ಉರಿಯುತ್ತದೆ, ಫ್ಯಾನು ತಿರುಗುತ್ತದೆ. ಸುರುಳಿ ಎಣಿಸುವುದು ಗೋಡೆ ಒಡೆಯದೆ ಅದನ್ನು ಕಂಡುಹಿಡಿಯುವ ದಾರಿ.

1.5ರ ಸುರುಳಿಗೆ 2,200, 2.5ರದಕ್ಕೆ 3,500, 4ರದಕ್ಕೆ 5,500 ಹಿಡಿದರೆ ತಂತಿಗೇ 39,100. ಮೇನ್ ತಂತಿ 2,500, ಡಿಬಿ, ಎಂಸಿಬಿ, ಆರ್‌ಸಿಸಿಬಿ ಸೇರಿ 9,000, ಸ್ವಿಚ್ಚು, ಸಾಕೆಟ್ಟು, ಪ್ಲೇಟು, ಮೆಟಲ್ ಬಾಕ್ಸು 22,000, ಪೈಪು, ಬೆಂಡು, ಸಣ್ಣಪುಟ್ಟದ್ದು 5,000. ಒಟ್ಟು ಸಾಮಾನು 77,600.

ಈಗ ಮೊದಲ ಕೊಟೇಶನ್ ನೋಡಿ. 62,000ಕ್ಕೆ ಸಾಮಾನೇ ಬರುವುದಿಲ್ಲ. ಎಲೆಕ್ಟ್ರಿಷಿಯನ್‌ಗೆ ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತದೆ ಎನ್ನಬಹುದು, ನಿಜ. ಎಲ್ಲದರ ಮೇಲೂ ಶೇ 20 ಸೋಡಿ ಸಿಕ್ಕಿತು ಎಂದೇ ಹಿಡಿಯಿರಿ: 62,080. ಕೂಲಿಗೆ ಒಂದು ರೂಪಾಯಿಯೂ ಉಳಿಯಲಿಲ್ಲ. ಯಾರೂ ಬಿಟ್ಟಿ ಕೆಲಸ ಮಾಡುವುದಿಲ್ಲವಾದ್ದರಿಂದ ಅವರು ಹೇಳುತ್ತಿರುವುದು ನಿಮ್ಮ ಪಟ್ಟಿಯ ಕೆಲಸವೇ ಅಲ್ಲ. ಹಳೆ ತಂತಿಯಲ್ಲಿ ಅರ್ಧ ಉಳಿಸಿಕೊಳ್ಳುತ್ತಾರೆ, ಇಲ್ಲವೇ ಅರ್ಥ್ ಎಳೆಯುವುದಿಲ್ಲ, ಇಲ್ಲವೇ ತಂತಿಯೇ ಕಳಪೆ. ಅವರನ್ನು ಕಳ್ಳ ಎಂದು ತಳ್ಳಿಹಾಕುವ ಮೊದಲು ಒಮ್ಮೆ ಕೇಳಿ: ‘ಎಷ್ಟು ಸುರುಳಿ, ಯಾವ ಕಂಪನಿ, ಯಾವ ಸೈಜು, ಬರೆದುಕೊಡ್ತೀರಾ?’ ಬರೆದುಕೊಟ್ಟ ಮೇಲೆ ಮೊತ್ತ ತೊಂಬತ್ತು ಸಾವಿರಕ್ಕೆ ಏರಿದರೆ ಆಗ ಅದು ಹೋಲಿಸಬಹುದಾದ ಕೊಟೇಶನ್.

ಎರಡನೆಯದು 20 ಸಾವಿರದಂತೆ ಕಾಣುತ್ತದೆ, ಆದರೆ ಅದು ಕೂಲಿಯ ಒಂದು ಭಾಗ. ಸಣ್ಣ ಪಾಯಿಂಟಿಗೆ 12,250, ಪವರ್ ಪಾಯಿಂಟಿಗೆ 4,800, ಡಿಬಿಗೆ 2,500, ಒಟ್ಟು 19,550. ಆ ಮೊತ್ತಕ್ಕೆ ಸೇರದೆ ಉಳಿದದ್ದನ್ನು ಸೇರಿಸಬೇಕು: ಕಟಿಂಗ್ 120 ಅಡಿಗೆ 4,800, ಅರ್ಥಿಂಗ್ ಗುಂಡಿ 8,000, ಗಾರೆಯವರಿಗೆ 6,000, ಸಾಮಾನು 77,600.

| | ಒಂದು | ಎರಡು | ಮೂರು |
|---|---|---|---|
| ಚೀಟಿಯಲ್ಲಿ ಬರೆದ ಮೊತ್ತ | 62,000 | 19,550 | 1,04,000 |
| ಬಿಟ್ಟದ್ದನ್ನು, ತೆರಿಗೆಯನ್ನು ಸೇರಿಸಿದ ಮೇಲೆ | ಪಟ್ಟಿಯ ಕೆಲಸ ಆಗದು | 1,15,950 | 1,22,720 |
| ತಂತಿ, ಎಂಸಿಬಿ ಸೈಜು ಬರೆದಿದೆಯೇ | ಇಲ್ಲ | ನೀವೇ ತರಬೇಕು | ಇದೆ |
| ಟೆಸ್ಟ್ ರಿಪೋರ್ಟ್, ಕಂಪ್ಲೀಷನ್ ರಿಪೋರ್ಟ್ | ಇಲ್ಲ | ಇಲ್ಲ | ಇದೆ |

ಐದು ಪಟ್ಟು ಎಂದು ಕಂಡ ಅಂತರ 6,770 ರೂಪಾಯಿಗೆ ಇಳಿಯಿತು. ಇನ್ನು ಮುಂದಿನದು ನಿಮ್ಮ ತೀರ್ಮಾನ. ಅಂಗಡಿ ಸುತ್ತಲು ಬಿಡುವಿದೆ, ಸಾಮಾನು ನೋಡಿ ಆರಿಸಲು ಬರುತ್ತದೆ, ಲೋಡ್ ಹೆಚ್ಚಿಸುವ ಅಗತ್ಯವಿಲ್ಲ, ಎರಡನೆಯವರ ಪರ್ಮಿಟ್ ಸರಿಯಿದೆ ಎಂದರೂ ಎರಡು ತೊಡಕು ಉಳಿಯುತ್ತವೆ. ಮೊದಲನೆಯದಾಗಿ ನಿಯಮ ಕೇಳುವ ಗುತ್ತಿಗೆದಾರರ ಲೈಸೆನ್ಸ್ ಅಲ್ಲಿಲ್ಲ. ಜತೆಗೆ ಆರು ತಿಂಗಳಲ್ಲಿ ಸಾಕೆಟ್ಟು ಕರಗಿದರೆ ಎಲೆಕ್ಟ್ರಿಷಿಯನ್ ‘ಮಾಲು ಸರಿಯಿಲ್ಲ’ ಎನ್ನುತ್ತಾರೆ, ಅಂಗಡಿಯವರು ‘ಸ್ಕ್ರೂ ಸರಿ ಬಿಗಿದಿಲ್ಲ’ ಎನ್ನುತ್ತಾರೆ. ಇಬ್ಬರ ನಡುವೆ ಓಡಾಡುವವರು ನೀವು. ಈ ಮನೆಗೆ, ಎರಡು ಗೀಸರು, ಏಸಿಯಿಂದ ಲೋಡ್ ಹೆಚ್ಚಾಗುತ್ತಿರುವಾಗ, ಮೂರನೆಯವರನ್ನೇ ಆರಿಸುವುದು ನಮ್ಮ ಸಲಹೆ.

ಜಿಎಸ್‌ಟಿ ಬಗ್ಗೆ ಒಂದು ಮಾತು. ನೋಂದಣಿ ಇಲ್ಲದ ಸಣ್ಣ ಎಲೆಕ್ಟ್ರಿಷಿಯನ್ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಹಾಕಿದರೆ ಬಿಲ್ಲಿನಲ್ಲಿ ಅವರ 15 ಅಕ್ಷರದ ಜಿಎಸ್‌ಟಿ ಸಂಖ್ಯೆ ಇರಬೇಕು. ಜಿಎಸ್‌ಟಿ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿನದು, ಚಾಲ್ತಿಯಲ್ಲಿದೆಯೇ ಎಂಬುದು ಕಾಣುತ್ತದೆ. ‘ಬಿಲ್ ಬೇಡ ಅಂದ್ರೆ ಹದಿನೆಂಟು ಪರ್ಸೆಂಟ್ ಉಳಿಯುತ್ತೆ’ ಎಂಬ ಮಾತು ಬರದೆ ಇರದು. ಉಳಿಯುವ 18,720ರ ಜತೆಗೆ ಕೆಲಸ ಮಾಡಿಸಿದ್ದಕ್ಕೆ ಇರುವ ಮುಖ್ಯ ಸಾಕ್ಷಿಯೂ ಹೋಗುತ್ತದೆ.

ತಂತಿ ಬಂದ ದಿನ

ಒಪ್ಪಂದದಲ್ಲಿ ಬರೆದ ತಂತಿಯೇ ಮನೆಗೆ ಬಂದಿದೆಯೇ ಎಂದು ನೋಡಬೇಕಾದದ್ದು ಸುರುಳಿ ಬಿಚ್ಚುವ ಮೊದಲು. ಪೆಟ್ಟಿಗೆಯ ಮೇಲೆ ಐಎಸ್‌ಐ ಗುರುತು, ಐಎಸ್ 694 ಎಂಬ ಸಂಖ್ಯೆ, ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತವೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿಗೆ, ಯಾವ ವಸ್ತುವಿಗೆ ಕೊಟ್ಟದ್ದು ಎಂದು ತೋರಿಸುತ್ತದೆ. ಪೆಟ್ಟಿಗೆಯ ಹೆಸರಿಗೂ ಆ್ಯಪಿನ ಹೆಸರಿಗೂ ತಾಳೆಯಾಗದಿದ್ದರೆ ವಾಪಸು ಕಳಿಸಿ.

ತೂಕವೂ ಒಂದು ಸಾಕ್ಷಿ. 2.5 ಚದರ ಮಿ.ಮೀ. ದಪ್ಪ, 90 ಮೀಟರ್ ಉದ್ದ ಎಂದರೆ ಸುಮಾರು 225 ಘನ ಸೆಂ.ಮೀ. ತಾಮ್ರ. ತಾಮ್ರದ ಸಾಂದ್ರತೆ 8.9ರ ಆಸುಪಾಸು ಇರುವುದರಿಂದ ತಾಮ್ರವೇ ಎರಡು ಕೆ.ಜಿ.ಯ ಹತ್ತಿರ ಆಗಬೇಕು. ತಂತಿಯ ಮಾನಕ ಅಳೆಯುವುದು ದಪ್ಪವನ್ನಲ್ಲ, ವಿದ್ಯುತ್ ರೋಧವನ್ನು. ಹಾಗಾಗಿ ಸ್ವಲ್ಪ ಕಡಿಮೆ ಇರಬಹುದು. ಆದರೆ ಅದರ ಮೇಲೆ ಪಿವಿಸಿ ಹೊದಿಕೆಯೂ ಇರುವಾಗ ಇಡೀ ಸುರುಳಿಯೇ ಒಂದೂವರೆ ಕೆ.ಜಿ. ತೂಗಿದರೆ ಒಳಗೆ ಇರಬೇಕಾದ ತಾಮ್ರ ಇಲ್ಲ. ಅಡುಗೆಮನೆಯ ತಕ್ಕಡಿ ಸಾಕು. ತುದಿಯ ಒಂದೆಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ.

ಕೈಯಲ್ಲಿರಬೇಕಾದ ಕಾಗದ

ಕೆಲಸ ಶುರುವಾಗುವ ಮೊದಲು ಒಂದು ಪುಟದ ಒಪ್ಪಂದ ಸಾಕು, ಛಾಪಾ ಕಾಗದವೇ ಆಗಬೇಕೆಂದಿಲ್ಲ. ಇಬ್ಬರ ಹೆಸರು, ವಿಳಾಸ, ಲೈಸೆನ್ಸ್ ಸಂಖ್ಯೆ, ಪಾಯಿಂಟುಗಳ ಪಟ್ಟಿ, ತಂತಿಯ ಸೈಜು ಮತ್ತು ಕಂಪನಿ, ಸ್ವಿಚ್ಚಿನ ಕಂಪನಿಯ ಜತೆ ಅದರ ಮಾದರಿಯ ಹೆಸರು (ಒಂದೇ ಕಂಪನಿಯ ಎರಡು ಮಾದರಿಗಳ ಬೆಲೆ ದುಪ್ಪಟ್ಟು ಬೇರೆ ಇರುತ್ತದೆ), ಮುಗಿಸುವ ದಿನಾಂಕ, ಎರಡೂ ಕಡೆಯ ಸಹಿ. ಎಲ್ಲಕ್ಕಿಂತ ಜಗಳ ತರುವ ಎರಡು ಸಾಲು ಮರೆಯಬೇಡಿ: 120 ಅಡಿ ದಾಟಿದ ಕಟಿಂಗಿಗೆ ಅಡಿಗೆ ಎಷ್ಟು, ಪಟ್ಟಿಯಲ್ಲಿಲ್ಲದ ಹೊಸ ಪಾಯಿಂಟಿಗೆ ಎಷ್ಟು. ‘ಹೆಚ್ಚುವರಿ ಕೆಲಸ ಮೊದಲೇ ಬರಹದಲ್ಲಿ ಒಪ್ಪಿದ್ದರೆ ಮಾತ್ರ’ ಎಂದೂ ಸೇರಿಸಿ. ಆ ಒಪ್ಪಿಗೆ ವಾಟ್ಸ್‌ಆ್ಯಪಿನಲ್ಲಿ ಇದ್ದರೂ ಆದೀತು. ಆದರೆ ಅಳಿಸಿಹೋಗುವ ಸಂದೇಶವನ್ನು ನಂಬಿ ಕೂರಬೇಡಿ, ಸಂಖ್ಯೆ, ದಿನಾಂಕ ಎರಡೂ ಕಾಣುವಂತೆ ಆಗಲೇ ಉಳಿಸಿಕೊಳ್ಳಿ. ಮೀಟರಿನ ಸೀಲಿನ ಫೋಟೋವನ್ನು ಕೆಲಸಕ್ಕೆ ಮುಂಚೆಯೇ ತೆಗೆದಿಡಿ. ಸೀಲು ಮುಟ್ಟುವ ಅಧಿಕಾರ ವಿದ್ಯುತ್ ಕಂಪನಿಯವರಿಗೆ ಮಾತ್ರ.

ಹಣವನ್ನು ದಿನದ ಲೆಕ್ಕದಲ್ಲಿ ಕೊಡಬೇಡಿ, ಹಂತದ ಲೆಕ್ಕದಲ್ಲಿ ಕೊಡಿ. ಶೇ 20 ಮುಂಗಡ, ಪೈಪು ಮತ್ತು ಬಾಕ್ಸು ಕೂತ ಮೇಲೆ ಶೇ 30, ತಂತಿ ಎಳೆದು ಬೋರ್ಡು, ಡಿಬಿ ಜೋಡಿಸಿದ ಮೇಲೆ ಶೇ 40, ಟೆಸ್ಟ್ ರಿಪೋರ್ಟ್ ಕೈಗೆ ಬಂದು ಹದಿನೈದು ದಿನ ಎಲ್ಲ ಬಳಸಿ ನೋಡಿದ ಮೇಲೆ ಉಳಿದ ಶೇ 10. ನಮ್ಮ ಮನೆಯಲ್ಲಿ ಆ ಕೊನೆಯ ಕಂತು 12,272 ರೂಪಾಯಿ. ಟ್ರಿಪ್ ಆಗುವ ಲೈನನ್ನು ನೋಡಲು ಕರೆದಾಗ ಬರುವಂತೆ ಮಾಡುವುದು ಅದೇ. ಯುಪಿಐನಲ್ಲಿ ಕಳಿಸುವಾಗ ಟಿಪ್ಪಣಿಯ ಜಾಗದಲ್ಲಿ ‘ವೈರಿಂಗ್, ಎರಡನೇ ಕಂತು’ ಎಂದು ಬರೆಯಿರಿ. ನಗದು ಕೊಟ್ಟರೆ ರಸೀದಿ ಬೇಕು. 5,000 ರೂಪಾಯಿ ಮೀರಿದ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಸಹಿ ಮಾಡಿಸಿ.

ಗಾರೆ ಮುಚ್ಚುವ ಹಿಂದಿನ ದಿನ ಪ್ರತಿ ಗೋಡೆಯ ಫೋಟೋ ತೆಗೆಯಿರಿ, ಪೈಪಿನ ಪಕ್ಕ ನೆಲದಿಂದ ಅಳತೆ ಟೇಪು ಹಿಡಿದು. ಮುಂದೆ ಗೋಡೆಗೆ ಮೊಳೆ ಹೊಡೆಯುವಾಗ, ಏಸಿ ಕೂರಿಸುವವರು ಡ್ರಿಲ್ ಮಾಡುವಾಗ ಈ ಫೋಟೋಗಳಷ್ಟು ಉಪಯೋಗಕ್ಕೆ ಬರುವುದು ಬೇರೆ ಇಲ್ಲ.

ಕೊನೆಯದು ಟೆಸ್ಟ್ ರಿಪೋರ್ಟ್. ‘ಎಲ್ಲ ಚೆಕ್ ಮಾಡಿದೀವಿ’ ಎಂಬ ಮಾತಲ್ಲ, ಅಂಕಿಗಳು ಬೇಕು. ಪ್ರತಿ ಸರ್ಕ್ಯೂಟಿಗೆ 500 ವೋಲ್ಟ್ ಮೆಗ್ಗರ್ ಹಾಕಿದಾಗ ಬಂದ ಇನ್ಸುಲೇಷನ್ ಅಂಕಿ, ಕನಿಷ್ಠ 1 ಮೆಗಾಓಮ್. ಹೊಸ ತಂತಿಯಲ್ಲಿ ಇದಕ್ಕಿಂತ ಬಹಳ ಹೆಚ್ಚೇ ಬರಬೇಕು. ಹೊಸ ಲೈನೊಂದು 2 ತೋರಿಸಿದರೆ ನಿಯಮದ ಪ್ರಕಾರ ಪಾಸು, ಆದರೆ ಪೈಪಿನ ಮೂಲೆಯಲ್ಲಿ ತಂತಿಯ ಚರ್ಮ ಸುಲಿದಿರಬಹುದು ಎಂದು ಕೇಳಲೇಬೇಕು. ಅರ್ಥಿಂಗ್‌ನ ಓಮ್ ಅಂಕಿಯನ್ನು ಅರ್ಥ್ ಟೆಸ್ಟರ್‌ನಿಂದ ಅಳೆದಿರಬೇಕು, 5ಕ್ಕಿಂತ ಕಡಿಮೆ ಇರಲಿ. ಮಲ್ಟಿಮೀಟರಿನಲ್ಲಿ ಫೇಸಿಗೂ ಅರ್ಥಿಗೂ 230 ವೋಲ್ಟ್ ತೋರಿಸಿ ‘ನೋಡಿ, ಅರ್ಥ್ ಚೆನ್ನಾಗಿದೆ’ ಎಂದರೆ ಒಪ್ಪಬೇಡಿ. ಆ ಮೀಟರು ಎಳೆಯುವ ಕರೆಂಟು ಎಷ್ಟು ಸಣ್ಣದೆಂದರೆ ತುಕ್ಕು ಹಿಡಿದ ಗುಂಡಿಯಲ್ಲೂ 230 ತೋರಿಸೀತು. ಹಾಗೆಯೇ ಆರ್‌ಸಿಸಿಬಿಯ ‘ಟೆಸ್ಟ್’ ಗುಂಡಿ ಒತ್ತಿದಾಗ ಬಿದ್ದರೆ ಅದು ಆ ಯಂತ್ರ ಸರಿಯಿದೆ ಎಂಬುದಕ್ಕಷ್ಟೇ ಸಾಕ್ಷಿ. ಆ ಗುಂಡಿ ತನ್ನೊಳಗೇ ವ್ಯತ್ಯಾಸ ಸೃಷ್ಟಿಸಿಕೊಳ್ಳುತ್ತದೆ, ಅರ್ಥ್ ತಂತಿ ಇಲ್ಲದ ಮನೆಯಲ್ಲೂ ಬೀಳುತ್ತದೆ.

ರಿಪೋರ್ಟಿನ ಕೆಳಗೆ ದಿನಾಂಕ, ಸಹಿ, ಲೈಸೆನ್ಸ್ ಸಂಖ್ಯೆ. ಡಿಬಿಯ ಬಾಗಿಲಿನ ಒಳಗೆ ಯಾವ ಎಂಸಿಬಿ ಯಾವ ಕೋಣೆಯದು ಎಂಬ ಚೀಟಿ, ಕನ್ನಡದಲ್ಲೇ ಇರಲಿ, ರಾತ್ರಿ ಕರೆಂಟು ಹೋದಾಗ ಅದನ್ನು ಓದುವವರು ಮನೆಯ ಹಿರಿಯರು. ಬಿಲ್ಲು, ಒಪ್ಪಂದ, ಸುರುಳಿಯ ಪೆಟ್ಟಿಗೆಯ ಚೀಟಿಗಳು, ರಿಪೋರ್ಟು ಎಲ್ಲವನ್ನೂ ಒಂದೇ ಕವರಿನಲ್ಲಿ ಇಡಿ. ಕೆಲಸ ಕೆಟ್ಟು, ಕರೆದರೂ ಬಾರದೆ ಹೋದರೆ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 5 ಲಕ್ಷ ಮೀರದಿದ್ದರೆ ಅಲ್ಲಿ ಶುಲ್ಕವಿಲ್ಲ, ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಹೋಗಬೇಕು. ಆ ಕವರನ್ನು ಕನಿಷ್ಠ ಅಷ್ಟು ಕಾಲವಂತೂ ಇಟ್ಟಿರಿ. ಗೋಡೆಯ ಫೋಟೋಗಳನ್ನು ಮಾತ್ರ ಮನೆ ಇರುವವರೆಗೂ.